ಅಜ್ಜಿಯ ಬಚ್ಚಲುಮನೆ ಕೆಲಸ: ಕಂಬಿ, ಮಡಚುವ ಸೀಟು, ಮ್ಯಾಟು

ಜಾಗ: ಮೈಸೂರಿನ ಹಳೇ ಮನೆ, 7 ಅಡಿ ಉದ್ದ 5 ಅಡಿ ಅಗಲದ ಬಚ್ಚಲು. ಬಳಸುವವರು: 78 ವರ್ಷದ ಅಜ್ಜಿ, ಎತ್ತರ 148 ಸೆಂ.ಮೀ., ತೂಕ 62 ಕೆಜಿ, ಎಡ ಮಂಡಿ ಬಗ್ಗುವುದು ಕಷ್ಟ. ಮಾಡಬೇಕಾದದ್ದು: ಕಮೋಡ್ ಪಕ್ಕ ಒಂದು ಹಿಡಿಕಂಬಿ, ಸ್ನಾನದ ಜಾಗದಲ್ಲಿ ಮಡಚುವ ಸೀಟು, ನೆಲಕ್ಕೆ ಜಾರದ ಮ್ಯಾಟು.

ಮೊದಲ ದಿನ: ಕೊಳ್ಳುವ ಮುಂಚೆ ಒಂದು ತೂತು

ಅಂಗಡಿಗೆ ಹೋಗುವ ಮೊದಲು ಗೋಡೆ ನೋಡಿದೆವು. ಕಂಬಿ ಎಷ್ಟು ಗಟ್ಟಿ ಇದ್ದರೂ ಅದನ್ನು ಹಿಡಿಯುವುದು ಗೋಡೆ. ಒಂದು ರೂಪಾಯಿ ನಾಣ್ಯದಿಂದ ಟೈಲ್ಸ್ ಮೇಲೆಲ್ಲ ತಟ್ಟಿ ನೋಡಿದರೆ, ಹಿಂದೆ ಗಾರೆ ತುಂಬಿರುವಲ್ಲಿ ಟಣ್ ಅನ್ನುತ್ತದೆ, ಪೊಳ್ಳಿರುವಲ್ಲಿ ಡಬ್ ಅನ್ನುತ್ತದೆ. ಐದು ಕಡೆ ಗಾರೆ ಮುದ್ದೆ ಇಟ್ಟು ಅಂಟಿಸಿದ ಟೈಲ್ಸ್‌ನ ಮೂಲೆಗಳು ಹೆಚ್ಚಾಗಿ ಪೊಳ್ಳು. ಅಲ್ಲಿ ಸ್ಕ್ರೂ ಬಿಗಿ ಮಾಡಿದರೆ ಟೈಲ್ಸ್ ಒಳಕ್ಕೆ ಬಾಗಿ ಬಿರಿಯುತ್ತದೆ. ಪೊಳ್ಳು ಜಾಗಕ್ಕೆಲ್ಲ ಪೆನ್ಸಿಲ್‌ನಲ್ಲಿ ಕಾಟು ಹಾಕಿ, ಅವನ್ನು ಬಿಟ್ಟುಬಿಟ್ಟೆವು.

ಆಮೇಲೆ, ಕಂಬಿಯ ತುದಿಯಲ್ಲಿ ಗೋಡೆಗೆ ಕೂರುವ ತಟ್ಟೆ, ಅಂದರೆ ಫ್ಲ್ಯಾಂಜ್, ಅದರ ಅಡಿಗೆ ಮುಚ್ಚಿಹೋಗುವ ಜಾಗದಲ್ಲಿ 6 ಎಂಎಂ ಪರೀಕ್ಷಾ ತೂತು. ಬಿಟ್‌ಗೆ 10 ಎಂಎಂಗೊಂದು ಗೆರೆ ಹಾಕಿಕೊಂಡು, ತೂತಿನ ಕೆಳಗೆ ಮಡಚಿದ ಬಿಳಿ ಕಾಗದ ಅಂಟಿಸಿದೆವು. ಬೀಳುವ ಪುಡಿಯೇ ಗೋಡೆಯ ಕಥೆ ಹೇಳುತ್ತದೆ. ಮೊದಲ 8 ಎಂಎಂ ಟೈಲ್ಸ್‌ನ ಬಿಳಿ ಪುಡಿ, ನಂತರ 18 ಎಂಎಂ ಬೂದು ಗಾರೆ, ಮತ್ತೆ 14 ಎಂಎಂ ಹಳೇ ಪ್ಲಾಸ್ಟರಿನ ಮರಳು ಮರಳಾದ ಪುಡಿ. 40 ಎಂಎಂ ದಾಟಿದ ಮೇಲಷ್ಟೇ ಕೆಂಪು ಪುಡಿ ಬಂತು. ಕಮೋಡ್ ಪಕ್ಕದ ಹೊರಗೋಡೆ 9 ಇಂಚಿನ ಇಟ್ಟಿಗೆ ಗೋಡೆ ಅನ್ನುವುದು ಖಾತ್ರಿಯಾಯಿತು.

ಈ 40 ಎಂಎಂ ಮುಖ್ಯ. ಕಂಬಿ ಜೊತೆ ಪೊಟ್ಟಣದಲ್ಲಿ ಬರುವ ಪ್ಲಾಸ್ಟಿಕ್ ಪ್ಲಗ್‌ನ ಉದ್ದವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಅದು ಇಟ್ಟಿಗೆಯನ್ನು ಮುಟ್ಟುವುದೇ ಇಲ್ಲ, ಟೈಲ್ಸ್ ಹಿಂದಿನ ಗಾರೆಯಲ್ಲೇ ನಿಂತಿರುತ್ತದೆ. ಹಾಕಿದ ದಿನ ಅಲ್ಲಾಡದ ಕಂಬಿ ಆರು ತಿಂಗಳಿಗೆ ಕೈಗೆ ಬರುವುದಕ್ಕೆ ಕಾರಣ ಬಹುಮಟ್ಟಿಗೆ ಇದೇ.

ಸ್ನಾನದ ಕಡೆಯ ಗೋಡೆ ಬೇರೆ ಸುದ್ದಿ ಕೊಟ್ಟಿತು. ಅದನ್ನು ಸಾಲಿಡ್ ಬ್ಲಾಕ್ ಅಂದುಕೊಂಡಿದ್ದೆವು. 40 ಎಂಎಂ ಆದಮೇಲೆ ಬೂದು ಪುಡಿ, ಜಲ್ಲಿ ಚೂರು, ಇನ್ನೊಂದು 30 ಎಂಎಂ ಹೋಗುತ್ತಿದ್ದಂತೆ ಡ್ರಿಲ್ ಗಬಕ್ಕನೆ ಒಳಗೆ ನುಗ್ಗಿತು. 6 ಇಂಚಿನ ಹಾಲೋ ಬ್ಲಾಕ್.

ಎರಡನೇ ದಿನ: ಲೆಕ್ಕ, ಆಮೇಲೆ ಖರೀದಿ

ಹಾಲೋ ಬ್ಲಾಕ್ ಅಂತ ಗೊತ್ತಾದ ಮೇಲೆ ಸೀಟಿನ ಆಯ್ಕೆ ಬದಲಾಯಿತು. ಕಾಲಿಲ್ಲದೆ ಗೋಡೆಯಿಂದಲೇ ಚಾಚಿ ನಿಲ್ಲುವ ಸೀಟು ನೋಡಲು ಚಂದ, ಒರೆಸುವುದಕ್ಕೂ ಸುಲಭ. ಆದರೆ ಅದರ ಲೆಕ್ಕ ಹೀಗಿದೆ: ಧಪ್ಪನೆ ಕೂರುವುದನ್ನೂ ಸೇರಿಸಿ 100 ಕೆಜಿ ಭಾರ ಹಿಡಿಯೋಣ. ಕೂತವರ ಭಾರ ಗೋಡೆಯಿಂದ ಸುಮಾರು 22 ಸೆಂ.ಮೀ. ಆಚೆ ಬೀಳುತ್ತದೆ. ಬ್ರ್ಯಾಕೆಟ್‌ನ ಮೇಲಿನ ಮತ್ತು ಕೆಳಗಿನ ಬೋಲ್ಟ್‌ಗಳ ನಡುವೆ ಇರುವುದು 10 ಸೆಂ.ಮೀ. ಆಗ ಮೇಲಿನ ಬೋಲ್ಟ್‌ಗಳನ್ನು ಗೋಡೆಯಿಂದ ಹೊರಕ್ಕೆ ಕೀಳುವ ಬಲ 100 × 22 ÷ 10, ಅಂದರೆ 220 ಕೆಜಿ. ಕೂತವರ ಭಾರದ ಎರಡು ಪಟ್ಟಿಗೂ ಹೆಚ್ಚು, ಅದೂ ಎರಡೇ ಬೋಲ್ಟ್‌ಗಳ ಮೇಲೆ, ಪ್ರತಿದಿನ, 30 ಎಂಎಂ ದಪ್ಪದ ಬ್ಲಾಕಿನ ಚಿಪ್ಪಿನಲ್ಲಿ.

ಅದೇ ಸೀಟಿಗೆ ಮುಂದೆ, ಗೋಡೆಯಿಂದ 36 ಸೆಂ.ಮೀ. ದೂರದಲ್ಲಿ ಮಡಚುವ ಕಾಲಿದ್ದರೆ 100ರಲ್ಲಿ 61 ಕೆಜಿ ನೆಲಕ್ಕೆ ಹೋಗುತ್ತದೆ. ಗೋಡೆಗೆ ಉಳಿಯುವುದು 39 ಕೆಜಿ, ಅದೂ ಕೆಳಮುಖವಾಗಿ. ಕೀಳುವ ಬಲ ಬಹುತೇಕ ಇಲ್ಲ. ಕಾಲಿರುವ ಸೀಟನ್ನೇ ತಂದೆವು. ಕಾಲಿಲ್ಲದ್ದೇ ಬೇಕೆಂದರೆ ಇಂಥ ಗೋಡೆಯಲ್ಲಿ ಆಚೆ ಬದಿಗೆ ಉಕ್ಕಿನ ಪಟ್ಟಿ ಕೊಟ್ಟು ಬೋಲ್ಟ್ ಆರುಪಾರು ಹಾಕಬೇಕು. ಇಲ್ಲಿ ಆಚೆ ಬದಿಗೆ ಗೋಡೆಗೇ ಕೂಡಿಸಿದ ಬಟ್ಟೆ ಬೀರು ಇದೆ.

ಕಂಬಿ 60 ಸೆಂ.ಮೀ. ಉದ್ದ, 32 ಎಂಎಂ ದಪ್ಪ, ಎರಡೂ ತುದಿಯ ಫ್ಲ್ಯಾಂಜ್‌ಗೆ ಮೂರು ಮೂರು ತೂತು. ಗೋಡೆಗೂ ಕಂಬಿಗೂ ನಡುವೆ 38 ಎಂಎಂ ಸಂದು. ಇದಕ್ಕಿಂತ ಹೆಚ್ಚಾದರೆ ಜಾರಿದಾಗ ಮುಂಗೈ ಸಂದಿಗೆ ಸಿಕ್ಕಿಹಾಕಿಕೊಳ್ಳುವ ಅಪಾಯ. 304 ಸ್ಟೀಲ್ ಕೇಳಿ ತನ್ನಿ. ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು ತೋರಿಸಿದರೆ ನಂಬಬೇಡಿ, ಅಗ್ಗದ 202 ಸ್ಟೀಲಿಗೂ ಅದು ಅಂಟುವುದಿಲ್ಲ. ಕೆಲವು ಅಂಗಡಿಗಳಲ್ಲಿ ಒಂದು ಹನಿ ಹಾಕಿ ಬಣ್ಣ ನೋಡುವ ದ್ರಾವಣ ಇರುತ್ತದೆ, ಅದನ್ನು ಹಾಕಿಸಿ ನೋಡಿ. ಹೀರುಬಟ್ಟಲಿನಿಂದ ಗೋಡೆಗೆ ಅಂಟುವ ಕಂಬಿಯನ್ನು ಮಾತ್ರ ಯಾರೇ ಹೇಳಿದರೂ ತರಬೇಡಿ. ಅದು ಹಿಡಿದಿದೆಯೋ ಬಿಟ್ಟಿದೆಯೋ ತಿಳಿಯುವುದು ಭಾರ ಬಿದ್ದಾಗಲೇ.

ಮೂರನೇ ದಿನ: ಕಂಬಿ

ಅಂಗವಿಕಲರ ಅನುಕೂಲಕ್ಕೆಂದು ಅಮೆರಿಕದಲ್ಲಿರುವ ಎಡಿಎ ಮಾನದಂಡ ಕಂಬಿಯ ಎತ್ತರ 84ರಿಂದ 91 ಸೆಂ.ಮೀ. ಅನ್ನುತ್ತದೆ. 148 ಸೆಂ.ಮೀ. ಎತ್ತರದ ಅಜ್ಜಿಗೆ ಅಷ್ಟು ಎತ್ತರವಾದರೆ ಭುಜ ಎತ್ತಿ ನೇತಾಡಿದಂತೆ ಆಗುತ್ತದೆ, ಒತ್ತಿ ಏಳಲು ಆಗುವುದಿಲ್ಲ. ಕಮೋಡ್ ಮೇಲೆ ಕೂರಿಸಿ, "ಅಜ್ಜಿ, ಏಳೋವಾಗ ಕೈ ಎಲ್ಲಿ ಊರ್ತೀರೋ ಅಲ್ಲಿ ಗೋಡೆ ಮುಟ್ಟಿ" ಅಂದು ಮೂರು ಸಲ ಸೀಮೆಸುಣ್ಣದ ಗುರುತು ಹಾಕಿದೆವು. 76, 78, 77 ಬಂತು. 77ಕ್ಕೆ ನಿಲ್ಲಿಸಿದೆವು. ಗೋಡೆ ಇರುವುದು ಬಲಗಡೆ. ಒಳ್ಳೆಯ ಕಾಲಿನ ಕಡೆಗೇ ಕಂಬಿ ಬಂದದ್ದು ಅದೃಷ್ಟ.

ನೀರಿನ ಪೈಪ್ ಸಾಮಾನ್ಯವಾಗಿ ನಲ್ಲಿಯಿಂದ ನೇರ ಮೇಲಕ್ಕೆ, ಗೀಸರ್ ಕಡೆಗೆ ಅಡ್ಡ ಹೋಗಿರುತ್ತದೆ. ಆ ಎರಡೂ ಗೆರೆಗಳ ಆಚೀಚೆ 15 ಸೆಂ.ಮೀ. ಬಿಟ್ಟೆವು. ಗೀಸರ್ ಸ್ವಿಚ್ಚಿನಿಂದ ನೇರ ಮೇಲೆ ಕೆಳಗೂ ವೈರ್ ಇರಬಹುದು, ಅಲ್ಲೂ ಡ್ರಿಲ್ ಬೇಡ.

ಟೈಲ್ಸ್ ಮೇಲೆ ಕಾಗದದ ಟೇಪ್ ಅಂಟಿಸಿ, ಟೈಲ್ಸ್ ಬಿಟ್‌ನಿಂದ, ಡ್ರಿಲ್‌ನ ಗುದ್ದುವ ಹ್ಯಾಮರ್ ಬಂದ್ ಮಾಡಿ, ನಿಧಾನಕ್ಕೆ 8 ಎಂಎಂ ಆಳ. ಅದು ದಾಟಿದ ಮೇಲೆ 10 ಎಂಎಂ ಕಾಂಕ್ರೀಟ್ ಬಿಟ್, ಹ್ಯಾಮರ್ ಚಾಲೂ, ಒಟ್ಟು ಆಳ 110 ಎಂಎಂ. ಪ್ಲಗ್ 10 × 100ರ ಉದ್ದನೆಯ ನೈಲಾನ್. ಇದರ ತುದಿಯ ಭಾಗ ಮಾತ್ರ ಅರಳುತ್ತದೆ, ಹಾಗಾಗಿ ಹಿಡಿತವೆಲ್ಲ ಇಟ್ಟಿಗೆಯೊಳಗಿನ 60 ಎಂಎಂನಲ್ಲಿ. ಟೈಲ್ಸ್ ಇರುವಲ್ಲಿ ಅರಳದ ಕಾರಣ ಅದು ಬಿರಿಯುವುದೂ ಇಲ್ಲ. ಬೀಸಿ ಹೊಡೆದು ಕೂರಿಸಬೇಡಿ. ಸುತ್ತಿಗೆಯ ಸಣ್ಣ ಏಟಿಗೆ ಹೋಗದಿದ್ದರೆ ಒಳಗೆ ಪುಡಿ ಉಳಿದಿದೆ ಅಂತ ಅರ್ಥ.

ಆರರಲ್ಲಿ ಐದು ಸ್ಕ್ರೂ ಕೊನೆಗೆ ಕೈಗೆ ಗಟ್ಟಿ ಸಿಕ್ಕವು. ಒಂದು ಮಾತ್ರ ತಿರುಗುತ್ತಲೇ ಇತ್ತು. ಪ್ಲಗ್ಗೂ ಜೊತೆಗೇ ತಿರುಗುತ್ತಿತ್ತು. ಆ ತೂತು ಇಟ್ಟಿಗೆಗಳ ನಡುವಿನ ಸಡಿಲ ಗಾರೆ ಸಂದಿಗೆ ಬಿದ್ದಿತ್ತು. ಇಲ್ಲಿ ಬೆಂಕಿಕಡ್ಡಿ, ಮರದ ಚೂರು ತುರುಕಿ ಬಿಗಿ ಮಾಡುವ ರೂಢಿ ಇದೆ. ಬಚ್ಚಲಲ್ಲಿ ಮರ ನೀರು ಕುಡಿದು ಉಬ್ಬುತ್ತದೆ, ಒಣಗಿ ಕುಗ್ಗುತ್ತದೆ, ಕೊನೆಗೆ ಕೊಳೆಯುತ್ತದೆ. ಬಿಳಿ ಸಿಮೆಂಟ್ ತುಂಬಿದರೆ ಎಳೆತಕ್ಕೆ ಇಡಿಯಾಗಿ ಕಳಚಿಬರುತ್ತದೆ. ಪ್ಲಗ್ ಕಿತ್ತು, ತೂತನ್ನು 12 ಎಂಎಂಗೆ ದೊಡ್ಡದು ಮಾಡಿ, ಸೀಟಿಗೆಂದು ತಂದಿದ್ದ ಕೆಮಿಕಲ್ ಆಂಕರ್, ಅಂದರೆ ಟ್ಯೂಬಿನಲ್ಲಿ ಬರುವ ಗಟ್ಟಿಯಾಗುವ ರಾಳ, ತುಂಬಿ ಫ್ಲ್ಯಾಂಜ್ ತೂತಿಗೆ ಹಿಡಿಸುವ 6 ಎಂಎಂ ಸ್ಟೀಲ್ ಥ್ರೆಡ್ ರಾಡ್ ನಿಲ್ಲಿಸಿದೆವು.

ನಾಲ್ಕನೇ ದಿನ: ಸೀಟು

ಪೊಳ್ಳು ಬ್ಲಾಕಿನಲ್ಲಿ ಮಾಮೂಲಿ ಪ್ಲಗ್ ಅರಳುವ ಜಾಗದಲ್ಲಿ ಗೋಡೆಯೇ ಇರುವುದಿಲ್ಲ. ಅದಕ್ಕೇ ಜಾಲರಿ ಕೊಳವೆ ಬೇಕು. 16 ಎಂಎಂ ತೂತು, 130 ಎಂಎಂ ಉದ್ದದ ಪ್ಲಾಸ್ಟಿಕ್ ಜಾಲರಿ, ಅದರೊಳಗೆ ರಾಳ, ನಡುವೆ 10 ಎಂಎಂ ರಾಡ್. ಬ್ಲಾಕಿಗೆ ಬಂದಮೇಲೆ ಹ್ಯಾಮರ್ ಬಂದ್. ಹ್ಯಾಮರ್‌ನಲ್ಲೇ ಹೋದರೆ ಚಿಪ್ಪಿನ ಒಳಮೈ ಕೊಡೆಯಂತೆ ಒಡೆದು ಬೀಳುತ್ತದೆ, ಹೊರಗೆ ತೂತು ಮಾತ್ರ ಚೊಕ್ಕ ಕಾಣುತ್ತದೆ.

ಊದಿ, ಬ್ರಷ್ ಹಾಕಿ, ಮತ್ತೆ ಊದಿ, ತೂತು ಸ್ವಚ್ಛ ಮಾಡಿದೆವು. ಧೂಳಿದ್ದರೆ ರಾಳ ಧೂಳಿಗೆ ಅಂಟುತ್ತದೆ, ಗೋಡೆಗಲ್ಲ. ಟ್ಯೂಬಿನಿಂದ ಮೊದಲು ಬರುವ ರಾಳದಲ್ಲಿ ಎರಡು ಬಣ್ಣದ ಗೆರೆ ಬೇರೆಬೇರೆ ಕಾಣುತ್ತವೆ. ಅದನ್ನು ಹಳೇ ಪೇಪರಿಗೆ ಸುರಿದು, ಒಂದೇ ಬಣ್ಣ ಬಂದಮೇಲೆ ಜಾಲರಿಯ ತಳದಿಂದ ತುಂಬುತ್ತ ಬಂದೆವು. ರಾಡ್ ತಿರುಗಿಸುತ್ತ ಒಳಗೆ ಒತ್ತಿದಾಗ ರಾಳ ಜಾಲರಿಯ ಕಣ್ಣುಗಳಿಂದ ಆಚೆ ಹಿಸುಕಿ ಬಂದು, ಪೊಳ್ಳಿನೊಳಗೆ ಅಣಬೆಯ ಟೊಪ್ಪಿಯಂತೆ ಗಟ್ಟಿಯಾಗುತ್ತದೆ. ಎಷ್ಟು ಹೊತ್ತು ಬಿಡಬೇಕು ಅನ್ನುವುದು ಟ್ಯೂಬಿನ ಮೇಲೆಯೇ ಇರುತ್ತದೆ, ಬಿಸಿಲಿಗೂ ಚಳಿಗೂ ಬೇರೆ ಬೇರೆ. ನಾವು ಮರುದಿನದವರೆಗೂ ಮುಟ್ಟಲಿಲ್ಲ.

ಸೀಟಿನ ಎತ್ತರ 44 ಸೆಂ.ಮೀ. ನೆಲ ಮೋರಿ ಕಡೆಗೆ ಇಳಿಜಾರು, ಎರಡು ಕಾಲುಗಳ ನಡುವೆಯೇ 5 ಎಂಎಂ ವ್ಯತ್ಯಾಸ. ಕಾಲಿನ ತುದಿಯ ಸ್ಕ್ರೂ ತಿರುಗಿಸಿ ಸರಿ ಮಾಡಬೇಕು. ಒಂದು ಕಾಲು ಗಾಳಿಯಲ್ಲಿದ್ದರೆ ಮೇಲಿನ ಲೆಕ್ಕವೆಲ್ಲ ನೀರುಪಾಲು, ಭಾರ ಮತ್ತೆ ಗೋಡೆಗೆ.

ಇನ್ನೊಂದು, ಮೊದಲೇ ಹೊಳೆಯಬೇಕಿತ್ತು. ಬಕೆಟ್ಟಿನಿಂದ ಚೊಂಬಲ್ಲಿ ಮೊಗೆದು ಸ್ನಾನ ಮಾಡುವವರು 44 ಸೆಂ.ಮೀ. ಎತ್ತರದಲ್ಲಿ ಕೂತರೆ, ಬಕೆಟ್ಟಿನ ತಳದ ನೀರಿಗೆ ಮುಂದಕ್ಕೆ ಬಗ್ಗಿ ಬಗ್ಗಿ ಬೀಳುವಂತಾಗುತ್ತದೆ. ಬಕೆಟ್ಟಿಗೆ 20 ಸೆಂ.ಮೀ. ಎತ್ತರದ ಸಿಮೆಂಟ್ ಕಟ್ಟೆ ಕಟ್ಟಿಸಿದೆವು. ಕೈಯಲ್ಲಿ ಹಿಡಿಯುವ ಶವರ್ ಹಾಕಿದರೂ ನಡೆಯುತ್ತದೆ.

ಐದನೇ ದಿನ: ಭಾರ ಹಾಕಿ ನೋಡುವುದು

ಎಡಿಎ ಕೇಳುವುದು 250 ಪೌಂಡ್, ಸುಮಾರು 113 ಕೆಜಿ. ಕಂಬಿಯ ಕೆಳಗೆ ಇಟ್ಟಿಗೆ ಪೇರಿಸಿ, ಅದರ ಮೇಲೆ 50 ಕೆಜಿಯ ಎರಡು ಸಿಮೆಂಟ್ ಚೀಲ ಮತ್ತು 15 ಕೆಜಿ ಅಕ್ಕಿ ಇಟ್ಟು, ಕಂಬಿಯ ನಡುವಿಗೆ ನೈಲಾನ್ ಹಗ್ಗದಿಂದ ಬಿಗಿಯಾಗಿ ಕಟ್ಟಿ, ಇಟ್ಟಿಗೆ ಒಂದೊಂದಾಗಿ ತೆಗೆದೆವು. ಹತ್ತು ನಿಮಿಷ. ಫ್ಲ್ಯಾಂಜ್ ಸುತ್ತ ಮೊದಲೇ ಪೆನ್ಸಿಲ್ ಗೆರೆ ಎಳೆದಿದ್ದೆವು, ಗೆರೆ ಅಲ್ಲಾಡಲಿಲ್ಲ. ಫ್ಲ್ಯಾಂಜ್‌ನ ಮೇಲಂಚಿಗೆ ವಿಸಿಟಿಂಗ್ ಕಾರ್ಡಿನ ಅಂಚು ತೂರಿಸಿ ನೋಡಿದೆವು, ಹೋಗಲಿಲ್ಲ. ಸೀಟಿನ ಮೇಲೂ ಅದೇ ಭಾರ ಇಟ್ಟೆವು.

ಪಾಸಾದ ಮೇಲೆ ಫ್ಲ್ಯಾಂಜ್‌ಗೆ ಸಿಲಿಕಾನ್. ಮೇಲೆ ಮತ್ತು ಎರಡು ಪಕ್ಕಕ್ಕೆ ಮಾತ್ರ, ಕೆಳಗೆ ತೆರೆದಿರಲಿ. ಒಳಹೋದ ನೀರಿಗೆ ಹೊರಬರುವ ದಾರಿ ಬೇಕು.

ಆರನೇ ದಿನ: ಮ್ಯಾಟು

ತಂದ ಮೊದಲ ಮ್ಯಾಟು ವಾಪಸ್. ತಳದಲ್ಲಿ ಹೀರುಬಟ್ಟಲು ಇದ್ದದ್ದು. ಅವು ಬಾತ್‌ಟಬ್‌ನಂಥ ನುಣುಪು ಮೈಗೆ ಸರಿ. ಇಲ್ಲಿರುವುದು ಒರಟು ಟೈಲ್ಸ್, ನಡುವೆ ಗ್ರೌಟ್ ಗೆರೆ. ಬಟ್ಟಲೊಳಗೆ ಗಾಳಿ ನುಸುಳಿ ಮ್ಯಾಟು ಕಾಲಿನ ಜೊತೆಗೇ ಜಾರುತ್ತದೆ. ಬದಲಿಗೆ ನೀರು ಸೋರುವ ತೂತುಗಳಿರುವ, ಭಾರವಾದ ಪಿವಿಸಿ ಮ್ಯಾಟನ್ನು ಸ್ನಾನದ ಜಾಗದ ಗೋಡೆಯಿಂದ ಗೋಡೆಗೆ ಕತ್ತರಿಸಿ ಕೂರಿಸಿದೆವು. ಸರಿಯಲು ಜಾಗವಿಲ್ಲ, ಎಡವಲು ಬಿಡಿ ಅಂಚೂ ಇಲ್ಲ. ಸೀಟಿನ ಕಾಲು ಬರುವಲ್ಲಿ ಮಾತ್ರ ಮ್ಯಾಟು ಕತ್ತರಿಸಿ ಕಾಲನ್ನು ಟೈಲ್ಸ್ ಮೇಲೇ ನಿಲ್ಲಿಸಿ. ಮೆತ್ತನೆಯದರ ಮೇಲೆ ನಿಂತ ಕಾಲು ಕುಸಿಯುತ್ತದೆ.

ಅಜ್ಜಿಯದು ಶನಿವಾರದ ಎಣ್ಣೆ ಸ್ನಾನ. ಹರಳೆಣ್ಣೆಯೂ ಸೀಗೆಪುಡಿಯೂ ಮ್ಯಾಟಿನ ಅಡಿಗೆ ಸೇರಿ ಲೋಳೆ ಕಟ್ಟುತ್ತವೆ. ಭಾನುವಾರ ಮ್ಯಾಟು ಎತ್ತಿ, ಬಿಸಿನೀರಿಗೆ ವಾಷಿಂಗ್ ಸೋಡಾ ಹಾಕಿ ಎರಡೂ ಬದಿ ಉಜ್ಜುವುದು ಅಂತ ಗೊತ್ತುಮಾಡಿದೆ. ಬಾತ್‌ರೂಮ್ ಆ್ಯಸಿಡ್ ಬಳಸಿದರೆ ಕಂಬಿಗೆ ಸಿಡಿದು 304 ಸ್ಟೀಲಿನಲ್ಲೂ ಕಂದು ಚುಕ್ಕೆ ಏಳುತ್ತದೆ.

ಮೂವತ್ತನೇ ದಿನ

ಕಂಬಿಯ ಆರೂ ಸ್ಕ್ರೂಗಳಿಗೆ ಸ್ಪ್ಯಾನರ್ ಹಾಕಿ ನೋಡಿದೆವು. ನಾಲ್ಕು ಅಲ್ಲಾಡಲಿಲ್ಲ, ಒಂದು ಕಾಲು ಸುತ್ತು ಹಿಡಿಯಿತು, ರಾಳದಲ್ಲಿರುವುದು ಇದ್ದಂತೆಯೇ ಇದೆ. ಪೆನ್ಸಿಲ್ ಗೆರೆಗಳು ಜಾಗದಲ್ಲೇ ಇವೆ. ಸೀಟಿನ ಎಡಗಾಲಿನ ರಬ್ಬರ್ ಬುಡ ಒಂದು ಬದಿ ಸವೆದಿದೆ, ಆ ಕಾಲನ್ನು ಇನ್ನೊಂದು ಎಂಎಂ ಇಳಿಸಿ ಬುಡ ಬದಲಾಯಿಸಿದೆವು.