ದಪ್ಪ ಜಾಕೆಟ್ಟಿಗೂ ಬೆವರಿಗೂ ಆಗಿಬರುವುದಿಲ್ಲ

"ಓದೋಕೆ ಹೋಗ್ತಿರೋ ಊರಲ್ಲಿ ಮೈನಸ್ 10 ಡಿಗ್ರಿ ಇರುತ್ತಂತೆ. ಒಳ್ಳೇ ದಪ್ಪ ಜಾಕೆಟ್ ಒಂದು ತಗೊಂಡ್ರೆ ಸಾಕಲ್ವಾ? ಒಳಗೆ ಮಾಮೂಲಿ ಟೀ ಶರ್ಟ್, ಜೀನ್ಸ್ ನಡೆಯುತ್ತಾ?"

ಮನೆಯಿಂದ ಬಸ್ ನಿಲ್ದಾಣದವರೆಗೆ ನಡೆಯುತ್ತದೆ. ಬಸ್ಸಿಗೆ ಕಾಯುತ್ತಾ ನಿಂತಾಗ ತೊಂದರೆ ಶುರು. ಸೆಕೆಯ ಊರಿಂದ ಹೋದವರು ಚಳಿಗೆ ಹೆದರಿ ತಯಾರಿ ಮಾಡುತ್ತಾರೆ, ಆದರೆ ಅವರನ್ನು ನಡುಗಿಸುವುದು ಹೆಚ್ಚಿನ ಸಲ ತಮ್ಮದೇ ಬೆವರು.

ಒಂದು ಬೆಳಗ್ಗೆ ಹೇಗಿರುತ್ತದೆ ನೋಡಿ. ಹೊರಗೆ ಮೈನಸ್ 10. ಮೈಮೇಲೆ ಹತ್ತಿಯ ಟೀ ಶರ್ಟ್, ಅದರ ಮೇಲೆ ಗಂಟಲವರೆಗೂ ಜಿಪ್ ಏರಿಸಿದ ದಪ್ಪ ಜಾಕೆಟ್, ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗ್. ಕ್ಲಾಸಿಗೆ ತಡವಾಗಿದೆಯೆಂದು ಬಿರುಸಾಗಿ ಹದಿನೈದು ನಿಮಿಷ ನಡೆಯುತ್ತೀರಿ. ಬಿರುಸಿನ ನಡಿಗೆಯಲ್ಲಿ ಮೈ ತಾನೇ ಕಾಯುತ್ತದೆ, ಬ್ಯಾಗಿನ ಅಡಿಯಲ್ಲಿ ಬೆನ್ನು ಬೆವರುತ್ತದೆ. ಹತ್ತಿ ಆ ಬೆವರನ್ನು ಹೀರಿಕೊಂಡು ಬಿಡದೆ ಹಿಡಿದಿಟ್ಟುಕೊಳ್ಳುತ್ತದೆ. ನಿಲ್ದಾಣದಲ್ಲಿ ಹತ್ತು ನಿಮಿಷ ನಿಲ್ಲುವಷ್ಟರಲ್ಲಿ ನಡಿಗೆಯ ಕಾವು ಇಳಿದಿರುತ್ತದೆ, ಒದ್ದೆ ಬಟ್ಟೆ ಮಾತ್ರ ಬೆನ್ನಿಗೆ ಅಂಟಿಕೊಂಡೇ ಇರುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖವನ್ನು ಸಾಗಿಸುತ್ತದೆ. ಎಷ್ಟೇ ದುಬಾರಿ ಜಾಕೆಟ್ ಹಾಕಿದ್ದರೂ ಆಗ ಒಳಗಿನಿಂದಲೇ ನಡುಕ ಹುಟ್ಟುತ್ತದೆ. ಆಮೇಲೆ ಹೀಟರ್ ಹಾಕಿದ ಬಸ್ಸಿನಲ್ಲಿ ಮತ್ತೆ ಬೆವರು. ತರಗತಿಯಲ್ಲಿ 20–22 ಡಿಗ್ರಿ ಇರುತ್ತದೆ. ಅಲ್ಲಿ ಜಾಕೆಟ್ ತೆಗೆದರೆ ಬರೀ ತೆಳ್ಳಗಿನ ಒದ್ದೆ ಟೀ ಶರ್ಟು, ತೆಗೆಯದಿದ್ದರೆ ಬೇಯುವುದು.

ಹೀಗೆ ದಿನಕ್ಕೆ ನಾಲ್ಕಾರು ಸಲ ಮೂವತ್ತು ಡಿಗ್ರಿಯ ಅಂತರವನ್ನು ದಾಟುವವರಿಗೆ ಒಂದೇ ದಪ್ಪ ಬಟ್ಟೆ ಹಾಕುವುದು ಇಲ್ಲವೇ ತೆಗೆಯುವುದು ಎಂಬ ಎರಡೇ ದಾರಿ ಕೊಡುತ್ತದೆ. ಬೇಕಾಗಿರುವುದು ಇವೆರಡರ ನಡುವಿನ ಮೆಟ್ಟಿಲುಗಳು, ಅಂದರೆ ಒಂದೊಂದಾಗಿ ಹಾಕಿ ತೆಗೆಯಬಹುದಾದ ಪದರಗಳು.

ಮೈಗೆ ತಾಗುವ ಪದರದ ಬಗ್ಗೆ ನಾನು ಸ್ವಲ್ಪ ಹಟಮಾರಿ. ಅಲ್ಲಿ ಹತ್ತಿ ಬೇಡವೇ ಬೇಡ. ಥರ್ಮಲ್ ಎಂದು ಬರೆದಿದ್ದರೆ ಸಾಲದು, ಲೇಬಲ್ ತಿರುಗಿಸಿ ಓದಿ. ಹತ್ತಿಯ ಥರ್ಮಲ್‌ಗಳೂ ಧಾರಾಳವಾಗಿ ಸಿಗುತ್ತವೆ. ಮೆರಿನೊ ಉಣ್ಣೆ ಅಥವಾ ಪಾಲಿಯೆಸ್ಟರ್ ಇರಲಿ. ಮೆರಿನೊ ಕೊಂಚ ಒದ್ದೆಯಾದರೂ ಬೆಚ್ಚಗಿರುತ್ತದೆ, ಎರಡು ಮೂರು ದಿನ ಹಾಕಿದರೂ ವಾಸನೆ ಬರುವುದು ಕಡಿಮೆ, ಆದರೆ ಬೆಲೆ ಜಾಸ್ತಿ. ಪಾಲಿಯೆಸ್ಟರ್ ಅಗ್ಗ, ರಾತ್ರಿ ಒಗೆದು ಕೋಣೆಯಲ್ಲಿ ಹರವಿದರೆ ಬೆಳಗ್ಗೆಗೆ ಒಣಗಿರುತ್ತದೆ, ಆದರೆ ಒಂದೇ ದಿನಕ್ಕೆ ನಾರುತ್ತದೆ. ವಿದ್ಯಾರ್ಥಿಗೆ ಪಾಲಿಯೆಸ್ಟರಿನ ಎರಡು ಜೊತೆ ಸಾಕು ಎಂಬುದು ನನ್ನ ಲೆಕ್ಕ. ಮೈಗೆ ಅಂಟಿಕೊಂಡಂತಿರಬೇಕು, ಸಡಿಲವಾದರೆ ಬೆವರನ್ನು ಚರ್ಮದಿಂದ ಎಳೆದುಕೊಳ್ಳಲಾರದು. ಕಾಲಿಗೂ ಒಂದು ಬೇಕು. ಮೇಲೆ ಮೂರು ಪದರ ಹಾಕಿ ಕೆಳಗೆ ಬರೀ ಜೀನ್ಸಿನಲ್ಲಿ ಓಡಾಡಿ, ಈ ಜಾಕೆಟ್ ಸರಿಯಿಲ್ಲ ಎಂದು ಬೈಯುವವರು ಬಹಳ ಜನ.

ಥರ್ಮಲ್ ಮೇಲೆ ತರಗತಿಯಲ್ಲಿ ಮುಜುಗರವಿಲ್ಲದೆ ಕೂರಬಹುದಾದ ಒಂದು ಶರ್ಟ್ ಅಥವಾ ತೆಳು ಸ್ವೆಟರ್. ಅದರ ಮೇಲೆ ಫ್ಲೀಸ್, ಅಂದರೆ ಉಣ್ಣೆಯಂತೆ ಮೆತ್ತಗಿರುವ ಕೃತಕ ನಾರಿನ ಬೆಚ್ಚನೆಯ ಮೇಲಂಗಿ. ಫ್ಲೀಸ್ ತಲೆಯ ಮೇಲಿಂದ ಎಳೆದು ಹಾಕುವಂಥದ್ದಾಗಿರದೆ ಮುಂದೆ ಪೂರ್ತಿ ಜಿಪ್ ಇರುವಂಥದ್ದಾಗಿರಲಿ. ನಡೆಯುತ್ತಲೇ ಅರ್ಧ ತೆರೆಯಬಹುದು, ಬಸ್ಸಿನಲ್ಲಿ ಬ್ಯಾಗ್ ಕೆಳಗಿಡದೆಯೇ ಪೂರ್ತಿ ತೆರೆಯಬಹುದು. ಫ್ಲೀಸಿನ ದೌರ್ಬಲ್ಯವೆಂದರೆ ಗಾಳಿ ಜರಡಿಯಲ್ಲಿ ನುಗ್ಗುವಂತೆ ನುಗ್ಗುತ್ತದೆ. ಹಾಗಾಗಿ ಹೊರಗಿನ ಜಾಕೆಟ್ಟಿನ ಮೊದಲ ಕೆಲಸ ಗಾಳಿ ತಡೆಯುವುದು. ಮೈನಸ್ 10ರಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 20ರಂತೆ ತಟ್ಟುತ್ತದೆ. ಹವಾಮಾನ ನೋಡುವಾಗ ಉಷ್ಣಾಂಶದ ಜೊತೆಗೆ ಗಾಳಿಯ ವೇಗವನ್ನೂ ನೋಡಿ.

ಹಕ್ಕಿಯ ಮೃದು ಪುಕ್ಕ ತುಂಬಿದ ಡೌನ್ ಜಾಕೆಟ್ ಹಗುರ, ಬಹಳ ಬೆಚ್ಚಗೆ. ಆದರೆ ನೆಂದರೆ ಪುಕ್ಕ ಮುದ್ದೆಯಾಗಿ ಅದರೊಳಗಿನ ಗಾಳಿ ಹೋಗುತ್ತದೆ, ಬೆಚ್ಚಗಿಡುವುದು ಆ ಗಾಳಿಯೇ. ಮೈನಸ್ 15ರ ಒಣ ಹಿಮಕ್ಕೆ ಅದು ಚೆನ್ನ, ಹಿಮವನ್ನು ಕೊಡವಿದರೆ ಉದುರಿ ಹೋಗುತ್ತದೆ. ಸೊನ್ನೆಯ ಆಸುಪಾಸಿನಲ್ಲಿ ಮಳೆಯೋ ಹಿಮವೋ ತಿಳಿಯದಂತೆ ಸುರಿಯುವ ಊರಾದರೆ ನೀರು ತಡೆಯುವ ಹೊರಬಟ್ಟೆ, ಒಳಗೆ ಕೃತಕ ನಾರಿನ ತುಂಬುವಿಕೆ ಇರುವುದೇ ಮೇಲು. ನನ್ನನ್ನು ಕೇಳಿದರೆ ಆ ಸೊನ್ನೆ ಡಿಗ್ರಿಯ ಕೆಸರು ಚಳಿಯೇ ಹೆಚ್ಚು ಕಷ್ಟ. ಆದ್ದರಿಂದ ಥರ್ಮಲ್, ಫ್ಲೀಸ್ ಹೊರಡುವ ಮೊದಲೇ ಕೊಂಡರೂ ಜಾಕೆಟ್ ಮಾತ್ರ ಅಲ್ಲಿಗೆ ಹೋಗಿ, ಊರಿನ ಚಳಿಯ ಸ್ವಭಾವ ಕೇಳಿ ಕೊಳ್ಳಿ. ಕೊಳ್ಳುವಾಗ ಫ್ಲೀಸ್ ಹಾಕಿಕೊಂಡೇ ಹೋಗಿ, ಅದರ ಮೇಲೆ ಜಾಕೆಟ್ ಏರಿಸಿ ಎರಡೂ ಕೈ ಮೇಲೆತ್ತಿ ನೋಡಿ. ಭುಜ ಹಿಡಿದರೆ ಅಥವಾ ಸೊಂಟ ಬಯಲಾದರೆ ಒಂದು ಅಳತೆ ದೊಡ್ಡದು ಬೇಕು.

ಈಗ ಅದೇ ಬೆಳಗ್ಗೆ, ಈ ಬಟ್ಟೆಗಳಲ್ಲಿ. ಹೊರಡುವಾಗ ಫ್ಲೀಸಿನ ಜಿಪ್ ಅರ್ಧ ತೆರೆದಿಡಿ, ಮೊದಲ ಐದು ನಿಮಿಷ ಕೊಂಚ ಚಳಿಯೆನಿಸಬೇಕು. ಬಾಗಿಲಲ್ಲೇ ಹಿತವಾಗಿ ಬೆಚ್ಚಗಿದ್ದರೆ ದಾರಿಯಲ್ಲಿ ಬೆವರುವುದು ಖಂಡಿತ. ಮೈ ಕಾವೇರಿದ ಕೂಡಲೇ, ಬೆವರು ಹುಟ್ಟುವ ಮೊದಲೇ, ಜಾಕೆಟ್ಟಿನ ಜಿಪ್ಪನ್ನು ಎದೆಯವರೆಗೆ ಇಳಿಸಿ, ಮಫ್ಲರ್ ಸಡಿಲಿಸಿ. ನಿಲ್ದಾಣದಲ್ಲಿ ನಿಂತ ತಕ್ಷಣ ಎರಡೂ ಜಿಪ್ ಮೇಲಕ್ಕೆ. ಚಳಿ ಹತ್ತಿದ ಮೇಲೆ ಮುಚ್ಚಿದರೆ ತಡವಾಯಿತು. ಬಸ್ಸು ಹತ್ತಿದೊಡನೆ ಟೋಪಿ, ಕೈಗವಸು ತೆಗೆದು ಜಿಪ್ಪುಗಳನ್ನು ಪೂರ್ತಿ ತೆರೆಯಿರಿ. ತರಗತಿಯಲ್ಲಿ ಜಾಕೆಟ್, ಫ್ಲೀಸ್ ಎರಡೂ ಕುರ್ಚಿಗೆ. ಅಲ್ಲಿ ಬೆನ್ನಿಗೆ ಕೈ ಹಾಕಿ ನೋಡಿ. ತೇವವಿದ್ದರೆ ನಾಳೆ ಒಂದು ಪದರ ಕಡಿಮೆ ಮಾಡಬಹುದು.

ಪಾದದ ಲೆಕ್ಕ ಬೇರೆ. ಅಲ್ಲಿ ಪದರ ಹೆಚ್ಚಿಸಿದಷ್ಟೂ ಚಳಿ ಹೆಚ್ಚಬಹುದು. ಬಿಗಿಯಾದ ಶೂ ಒಳಗೆ ಎರಡು ಜೊತೆ ಕಾಲುಚೀಲ ತುರುಕಿದರೆ ರಕ್ತ ಓಡಾಡಲು ಜಾಗವಿರುವುದಿಲ್ಲ, ಬೆಚ್ಚಗಿಡುವ ಗಾಳಿಗೂ ಇರುವುದಿಲ್ಲ. ಉಣ್ಣೆಯ ದಪ್ಪ ಕಾಲುಚೀಲ ಒಂದೇ ಜೊತೆ, ಬೆರಳಾಡಿಸುವಷ್ಟು ಸಡಿಲವಿರುವ ಬೂಟು ಸಾಕು. ಕೈಗೆ, ನಾಲ್ಕೂ ಬೆರಳು ಒಂದೇ ಗೂಡಿನಲ್ಲಿರುವ ಕೈಗವಸು ಬೆರಳು ಬೆರಳಿಗೆ ಬೇರೆಯಿರುವುದಕ್ಕಿಂತ ಬೆಚ್ಚಗೆ.

ಇಷ್ಟೆಲ್ಲ ಹಾಕಿಯೂ ಬೆರಳು, ಮೂಗು ಅಥವಾ ಕಿವಿ ಮೊದಲು ಚುಚ್ಚಿ ನೋಯುತ್ತಿದ್ದು ಆಮೇಲೆ ಮರಗಟ್ಟಿದರೆ, ಚರ್ಮ ಬಿಳಿಚಿ ಮೇಣದಂತೆ ಕಂಡರೆ, ನೋವು ಹೋಯಿತೆಂದು ಸಮಾಧಾನ ಪಡಬೇಡಿ. ಅದು ಹಿಮಕಡಿತದ ಸೂಚನೆ. ತಕ್ಷಣ ಹತ್ತಿರದ ಕಟ್ಟಡದ ಒಳಗೆ ಹೋಗಿ. ಉಜ್ಜಬೇಡಿ, ಹೀಟರಿಗೆ ಒಡ್ಡಬೇಡಿ. ಸ್ಪರ್ಶ ತಿಳಿಯದ ಚರ್ಮ ಸುಟ್ಟರೂ ಗೊತ್ತಾಗುವುದಿಲ್ಲ. ಬೆರಳಾದರೆ 37ರಿಂದ 39 ಡಿಗ್ರಿಯ, ಅಂದರೆ ಮೈ ಬಿಸಿಯಷ್ಟೇ ಅಥವಾ ತುಸು ಹೆಚ್ಚು ಬಿಸಿಯಿರುವ ನೀರಿನಲ್ಲಿ ಅದ್ದಿಡಿ. ಅರ್ಧ ಗಂಟೆಯಲ್ಲಿ ಬಣ್ಣ, ಸ್ಪರ್ಶ ಮರಳದಿದ್ದರೆ ಅಥವಾ ಗುಳ್ಳೆ ಎದ್ದರೆ ವೈದ್ಯರಿಗೆ ಅಂದೇ ತೋರಿಸಿ.