ಬಳ್ಳಾರಿಯ ಜೀನ್ಸ್ ಅಂಗಡಿಯ ಹನ್ನೆರಡು ವಾರಗಳು

ಬಳ್ಳಾರಿಯ ಬೆಂಗಳೂರು ರಸ್ತೆಯಲ್ಲಿ ನನ್ನ ಸೋದರಮಾವನವರ ಜೀನ್ಸ್ ಅಂಗಡಿಯಿದೆ. ಊರಿನಲ್ಲೇ ಹೊಲಿದ ಪ್ಯಾಂಟುಗಳನ್ನು ಚಿಲ್ಲರೆಯಾಗಿ ಮಾರುವ ಅವರು ಕೇಬಲ್ ಟಿವಿಯ ಪಟ್ಟಿ, ಪತ್ರಿಕೆಯೊಳಗಿನ ಕರಪತ್ರ, ಮೈಕ್ ಕಟ್ಟಿದ ಆಟೊ ಮತ್ತು ಫೋನಿನಲ್ಲಿ ಬರುವ ಜಾಹೀರಾತು ಎಂದು ವಾರವಾರವೂ ಖರ್ಚು ಮಾಡುತ್ತಾರೆ. ದೀಪಾವಳಿ ಮುಗಿದು ವ್ಯಾಪಾರ ತಣ್ಣಗಾದ ಒಂದು ಭಾನುವಾರ, ಮುಂದಿನ ತಿಂಗಳಿನಿಂದ ವಾರಕ್ಕೆ ಇಪ್ಪತ್ತು ಸಾವಿರ ಹಾಕಿದರೆ ಹೇಗೆ ಎಂದು ಕೇಳಿ ಅವರು ಕಿರ್ದಿ ಪುಸ್ತಕವನ್ನು ನನ್ನ ಮುಂದಿಟ್ಟರು. ಹಿಂದಿನ ಹನ್ನೆರಡು ವಾರಗಳ ಜಾಹೀರಾತು ಖರ್ಚನ್ನೂ ಮಾರಾಟವನ್ನೂ ಅದರಿಂದ ತೆಗೆದು, ಸಾವಿರ ರೂಪಾಯಿಗಳ ಲೆಕ್ಕದಲ್ಲಿ, ಖರ್ಚು ಕಡಿಮೆಯಿದ್ದ ವಾರ ಮೊದಲು ಬರುವಂತೆ ಹೀಗೆ ಜೋಡಿಸಿದೆ.

```
ಖರ್ಚು    3   4   5   5   6   6   7   7   8   9  14  16
ಮಾರಾಟ 155 122 168 128 163 125 174 139 166 160 270 300
```

ಇವನ್ನು ಸ್ಪ್ರೆಡ್‌ಶೀಟಿನಲ್ಲಿ ಎರಡನೆಯ ಸಾಲಿನಿಂದ ಕೆಳಗೆ, ಖರ್ಚನ್ನು B ಕಾಲಮ್ಮಿಗೂ ಮಾರಾಟವನ್ನು C ಕಾಲಮ್ಮಿಗೂ ಹಾಕಿದರೆ, ವಾರಕ್ಕೊಂದರಂತೆ ಚಿತ್ರದಲ್ಲಿ ಬೀಳುವ ಚುಕ್ಕಿಗಳ ನಡುವೆ ಹಾಯುವ ನೇರ ರೇಖೆಯನ್ನು ಅಳೆಯಲು ಮೂರು ಸೂತ್ರಗಳು ಸಾಕು. ಮೂರರಲ್ಲೂ ಮಾರಾಟದ ಕಾಲಮ್ಮೇ ಮೊದಲು ಬರಬೇಕು. SLOPE ಸೂತ್ರದಲ್ಲಿ ಇದು ಅದಲುಬದಲಾದರೆ ಸಿಗುವುದು ಬೇರೊಂದು ಪ್ರಶ್ನೆಯ ಉತ್ತರ.

```
=SLOPE(C2:C13, B2:B13)
=RSQ(C2:C13, B2:B13)
=STEYX(C2:C13, B2:B13)
```

ಮೊದಲನೆಯದು ರೇಖೆಯ ಇಳಿಜಾರನ್ನು ಕೊಡುತ್ತದೆ. ಅದು 13 ಎಂದು ಬಂತು. ಹೆಚ್ಚು ಖರ್ಚಿನ ವಾರವನ್ನು ಕಡಿಮೆ ಖರ್ಚಿನ ವಾರದೊಂದಿಗೆ ಹೋಲಿಸಿದಾಗ, ಪ್ರತಿ ಸಾವಿರ ರೂಪಾಯಿಯ ವ್ಯತ್ಯಾಸಕ್ಕೆ ಮಾರಾಟದಲ್ಲಿ ಸರಾಸರಿ ಹದಿಮೂರು ಸಾವಿರದ ವ್ಯತ್ಯಾಸ ಕಂಡಿದೆ ಎಂಬುದಷ್ಟೇ ಅದರ ಅರ್ಥ. ಎರಡನೆಯದಾದ ಆರ್-ಸ್ಕ್ವೇರ್ 0.83 ಬಂತು, ಎಂದರೆ ಮಾರಾಟದ ಏರಿಳಿತದಲ್ಲಿ ನೂರಕ್ಕೆ 83 ಪಾಲು ಈ ರೇಖೆಗೆ ಹೊಂದಿಕೊಂಡಿತ್ತು. ಮಾವನವರ ಅಂಗಡಿಯಲ್ಲಿ ನೂರು ರೂಪಾಯಿ ಮಾರಾಟವಾದರೆ ಮಾಲಿನ ಖರೀದಿ ಕಳೆದು ಸುಮಾರು 25 ರೂಪಾಯಿ ಉಳಿಯುತ್ತದೆ. ಹದಿಮೂರು ಸಾವಿರದ ಮಾರಾಟದಲ್ಲಿ ಮೂರೂಕಾಲು ಸಾವಿರ ಉಳಿಯುವುದಾದರೆ, ಅದಕ್ಕಾಗಿ ಒಂದು ಸಾವಿರ ಖರ್ಚು ಮಾಡಲು ಯಾವ ವ್ಯಾಪಾರಿಯೂ ಹಿಂಜರಿಯಲಾರ.

ಆದರೆ ಅಂಕಿಗಳನ್ನು ಬಿಟ್ಟು ಚಿತ್ರವನ್ನು ನೋಡಿದಾಗ ನನಗೆ ಸಮಾಧಾನವಾಗಲಿಲ್ಲ. ಹತ್ತು ಚುಕ್ಕಿಗಳು ಎಡಗಡೆ ಒಂದು ಗುಂಪಾಗಿ ಚದುರಿದ್ದವು, ಎರಡು ಮಾತ್ರ ಬಲಗಡೆ ಬಹಳ ಮೇಲಿದ್ದವು, ಮತ್ತು ರೇಖೆ ಗುಂಪಿನ ನಡುವಿನಿಂದ ಹೊರಟು ಆ ಎರಡರ ಕಡೆಗೆ ಎಳೆಯಲ್ಪಟ್ಟಿತ್ತು. ಗುಂಪಿನೊಳಗೆ ಅದು ಸರಿಯಾಗಿ ಹೊಂದುತ್ತಲೂ ಇರಲಿಲ್ಲ: ಮೂರು ಸಾವಿರ ಹಾಕಿದ ವಾರ 114 ಸಾವಿರ ಮಾರಾಟವಾಗಬೇಕೆಂದು ರೇಖೆ ಹೇಳುತ್ತಿದ್ದರೆ ನಿಜವಾಗಿ ಆದದ್ದು 155, ಒಂಬತ್ತು ಸಾವಿರ ಹಾಕಿದ ವಾರ 192 ಎಂದು ಹೇಳುತ್ತಿದ್ದರೆ ಆದದ್ದು 160. ಗುಂಪಿನ ಎಡತುದಿಯ ಚುಕ್ಕಿ ರೇಖೆಯ ಮೇಲೆ, ಬಲತುದಿಯ ಚುಕ್ಕಿ ಕೆಳಗೆ ಉಳಿದಾಗ, ಇಳಿಜಾರು ಗುಂಪಿಗಿಂತ ಹೆಚ್ಚು ಕಡಿದಾಗಿದೆಯೇ ಎಂದು ಅನುಮಾನಿಸಬೇಕು.

ಬಲಗಡೆಯ ಎರಡು ಚುಕ್ಕಿಗಳು ದಸರೆಯ ಮತ್ತು ದೀಪಾವಳಿಯ ವಾರಗಳು. ಆ ವಾರಗಳಲ್ಲಿ ಅಷ್ಟು ಖರ್ಚು ಮಾಡಿದ್ದು ಏಕೆಂದು ಕೇಳಿದೆ. "ಹಬ್ಬಕ್ಕೆ ಮಂದಿ ಬರ್ತಾರಂತ ಗೊತ್ತಿದ್ದಕ್ಕೇ ಅಲ್ಲೇನಪ್ಪ ರೊಕ್ಕ ಜಾಸ್ತಿ ಹಾಕಿದ್ದು" ಎಂದರು. ಇಡೀ ಲೆಕ್ಕದ ಗಂಟು ಆ ಒಂದು ಮಾತಿನಲ್ಲಿತ್ತು. ಖರ್ಚು ಮಾರಾಟವನ್ನು ತಂದಿತೆಂದು ನಾವು ಓದಲು ಹೊರಟಿದ್ದೆವು. ಮಾರಾಟ ಬರುತ್ತದೆಂಬ ನಿರೀಕ್ಷೆಯೇ ಖರ್ಚನ್ನು ತಂದಿತ್ತು. ಹಬ್ಬ ಎರಡನ್ನೂ ಒಟ್ಟಿಗೆ ಏರಿಸಿದಾಗ ಅದರ ಪಾಲನ್ನು ರೇಖೆ ಜಾಹೀರಾತಿನ ಖಾತೆಗೆ ಬರೆದುಬಿಡುತ್ತದೆ, ಏಕೆಂದರೆ ಹಬ್ಬವೆಂಬುದು ಅದಕ್ಕೆ ಕೊಟ್ಟ ಎರಡು ಕಾಲಮ್ಮುಗಳಲ್ಲಿ ಎಲ್ಲಿಯೂ ಇಲ್ಲ.

ಆ ಎರಡು ವಾರಗಳನ್ನು ಬಿಟ್ಟು, ಸೂತ್ರಗಳಲ್ಲಿ 13ನೇ ಸಾಲಿನ ಬದಲು 11ನೇ ಸಾಲಿಗೆ ನಿಲ್ಲಿಸಿದೆ. ಇಳಿಜಾರು 13ರಿಂದ 4ಕ್ಕೆ ಇಳಿಯಿತು, ಆರ್-ಸ್ಕ್ವೇರ್ 0.14ಕ್ಕೆ ಕುಸಿಯಿತು. ಇನ್ನು ಅಂಗಡಿಯ ಲಾಭದ ಪ್ರಮಾಣವನ್ನು ನೆನೆದರೆ, ಒಂದು ಸಾವಿರದ ಜಾಹೀರಾತು ತನ್ನ ಖರ್ಚನ್ನು ತಾನೇ ಹುಟ್ಟಿಸಿಕೊಳ್ಳಲು ನಾಲ್ಕು ಸಾವಿರದ ಮಾರಾಟ ತರಲೇಬೇಕು. ಆದ್ದರಿಂದ ಈ ಅಂಗಡಿಯಲ್ಲಿ ಇಳಿಜಾರನ್ನು ಸೊನ್ನೆಯೊಂದಿಗೆ ಹೋಲಿಸಿ ತೃಪ್ತಿಪಡುವಂತಿಲ್ಲ, 4ರೊಂದಿಗೆ ಹೋಲಿಸಬೇಕು. ಬಂದ ಉತ್ತರವೋ ಸರಿಯಾಗಿ ಆ ಗಡಿಯ ಮೇಲೆಯೇ ಕುಳಿತಿತ್ತು.

ಆ 4 ಕೂಡ ಗಟ್ಟಿಯಾದ ಅಂಕಿಯಲ್ಲ. ಮೂರನೆಯ ಸೂತ್ರ ಕೊಟ್ಟ 19 ಎಂಬುದು, ಒಂದೊಂದು ವಾರದ ಮಾರಾಟ ರೇಖೆಯಿಂದ ಸಾಮಾನ್ಯವಾಗಿ ಹತ್ತೊಂಬತ್ತು ಸಾವಿರದಷ್ಟು ಆಚೀಚೆ ಸರಿಯುತ್ತದೆ ಎಂದು ಹೇಳುತ್ತದೆ. ಖರ್ಚು ಮೂರರಿಂದ ಒಂಬತ್ತಕ್ಕೆ ಏರಿದಾಗ ರೇಖೆ ಏರುವುದು ಇಪ್ಪತ್ನಾಲ್ಕು ಸಾವಿರ ಮಾತ್ರ. ಜಾಹೀರಾತಿನೊಂದಿಗೆ ಸಂಬಂಧವಿಲ್ಲದ ಏರಿಳಿತವೂ ಹೆಚ್ಚುಕಡಿಮೆ ಅಷ್ಟೇ ಇದೆ. ಇಳಿಜಾರು ಎಷ್ಟು ಆಚೀಚೆ ಆಗಬಹುದೆಂದು ಅಳೆಯುವ ಪ್ರಮಾಣಿತ ದೋಷವನ್ನು LINEST ಸೂತ್ರದಿಂದ ತೆಗೆದಾಗ ಅದು 3.5 ಬಂತು, ಮತ್ತು ಹತ್ತೇ ವಾರಗಳಿರುವುದರಿಂದ ಅದನ್ನು 2.3ರಿಂದ ಗುಣಿಸಿ ಬರುವ ಸುಮಾರು ಎಂಟನ್ನು ಎರಡೂ ಕಡೆಗೆ ಚಾಚಿದರೆ, ನಿಜವಾದ ಇಳಿಜಾರು ಕಳೆ 4ರಿಂದ ಕೂಡು 12ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಜಾಹೀರಾತು ವ್ಯರ್ಥವೆಂದು ಇದು ಹೇಳುವುದಿಲ್ಲ, ಲಾಭದಾಯಕವೆಂದೂ ಹೇಳುವುದಿಲ್ಲ.

ಏರಿಳಿತವೆಂದು ಕರೆದದ್ದೆಲ್ಲವೂ ಕಾರಣವಿಲ್ಲದ್ದಲ್ಲ ಎಂಬುದನ್ನೂ ಕಿರ್ದಿಯೇ ತೋರಿಸಿತು. ರೇಖೆಯಿಂದ ಅತಿ ಹೆಚ್ಚು ಮೇಲಿದ್ದ ಮೂರು ವಾರಗಳು, ಎಂದರೆ 168, 174 ಮತ್ತು 155 ಸಾವಿರದವು, ಮೂರೂ ತಿಂಗಳ ಮೊದಲ ವಾರಗಳಾಗಿದ್ದವು. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕಡೆಯಿಂದ ಸಂಬಳದ ಹಣದೊಂದಿಗೆ ಬರುವ ಗಿರಾಕಿಗಳನ್ನು ಮಾವನವರು ಮುಖ ನೋಡಿಯೇ ಗುರುತಿಸಬಲ್ಲರು. ಮುಂದೆ ಸಂಬಳದ ವಾರಗಳಿಗೆ ಬೇರೊಂದು ಕಾಲಮ್ಮು ಸೇರಿಸಿದರೆ ಆ 19 ಕಡಿಮೆಯಾಗುವ ನಿರೀಕ್ಷೆಯಿದೆ.

ಇಪ್ಪತ್ತು ಸಾವಿರದ ಪ್ರಶ್ನೆಗೆ ಈ ರೇಖೆ ಉತ್ತರಿಸಲಾರದು ಎಂದು ಹೇಳಿದೆ. ಸಾಮಾನ್ಯ ವಾರಗಳಲ್ಲಿ ಅವರು ಒಂಬತ್ತು ಸಾವಿರ ದಾಟಿದ್ದೇ ಇಲ್ಲ. ಅದರಾಚೆಗೆ ರೇಖೆಯನ್ನು ಎಳೆಯುವುದೆಂದರೆ, ಕರಪತ್ರ ನೋಡಿದವರೇ ಮತ್ತೆ ಮತ್ತೆ ನೋಡಿದರೂ ಮೊದಲಿನಷ್ಟೇ ಗಿರಾಕಿಗಳು ಬರುತ್ತಾರೆಂದು ನಂಬಿದಂತೆ. ಬದಲಿಗೆ ಹಬ್ಬಗಳಿಲ್ಲದ ಹದಿನಾರು ವಾರಗಳನ್ನು ಆರಿಸಿ, ಚೀಟಿ ಎತ್ತಿ, ಎಂಟು ವಾರ ಮೂರು ಸಾವಿರ, ಎಂಟು ವಾರ ಒಂಬತ್ತು ಸಾವಿರ ಖರ್ಚು ಮಾಡಿ ನೋಡೋಣವೆಂದೆ. ಯಾವ ವಾರಕ್ಕೆ ಎಷ್ಟು ಎಂಬುದನ್ನು ಅವರ ನಿರೀಕ್ಷೆ ನಿರ್ಧರಿಸದೆ ಚೀಟಿ ನಿರ್ಧರಿಸಿದಾಗ, ಹಳೆಯ ಗಂಟು ಬಿಚ್ಚಿಕೊಳ್ಳುತ್ತದೆ. ಖರ್ಚುಗಳು ನಡುವೆ ಗುಂಪುಗೂಡದೆ ಎರಡು ತುದಿಗಳಲ್ಲಿ ನಿಲ್ಲುವುದರಿಂದಲೂ ವಾರಗಳು ಹತ್ತರಿಂದ ಹದಿನಾರಕ್ಕೆ ಏರುವುದರಿಂದಲೂ, ಏರಿಳಿತ ಅದೇ 19 ಇದ್ದರೂ ಇಳಿಜಾರಿನ ಅನಿಶ್ಚಿತತೆ ಎಂಟರಿಂದ ಸುಮಾರು ಮೂರೂವರೆಗೆ ಇಳಿಯುತ್ತದೆ.

ಮಾವನವರು ಸ್ವಲ್ಪ ಹೊತ್ತು ಯೋಚಿಸಿ, ಈ ವಾರ ಕರಪತ್ರ ನೋಡಿದವನು ಮುಂದಿನ ವಾರ ಬಂದು ಕೊಂಡರೆ ಅದು ಯಾವ ವಾರದ ಲೆಕ್ಕಕ್ಕೆ ಸೇರುತ್ತದೆ ಎಂದು ಕೇಳಿದರು. ಅತ್ಯಂತ ಸರಿಯಾದ ಪ್ರಶ್ನೆ ಅದು. ಹಾಗಾದಾಗ ಕಡಿಮೆ ಖರ್ಚಿನ ವಾರಕ್ಕೆ ಹಿಂದಿನ ವಾರದ ಫಲ ಸೋರಿ, ಇಳಿಜಾರು ನಿಜಕ್ಕಿಂತ ಚಿಕ್ಕದಾಗಿ ಕಾಣಬಹುದು. ಎರಡೆರಡು ವಾರಗಳನ್ನು ಒಂದು ಕಂತಾಗಿ ಹಿಡಿದು ಕಂತಿಗೊಂದು ಚೀಟಿ ಎತ್ತಿದರೆ ಸೋರಿಕೆ ಕಡಿಮೆಯಾಗುತ್ತದೆ, ಆದರೆ ಹದಿನಾರು ಹೋಲಿಕೆಗಳ ಜಾಗದಲ್ಲಿ ಎಂಟೇ ಉಳಿಯುತ್ತವೆ. ಅವರು ಎರಡು ವಾರಗಳ ಕಂತನ್ನೇ ಆರಿಸಿಕೊಂಡು, ಪ್ರಯೋಗವನ್ನು ಸಂಕ್ರಾಂತಿ ಕಳೆದ ಮೇಲೆ ಆರಂಭಿಸಿ ಯುಗಾದಿಯ ಕಂತನ್ನು ಲೆಕ್ಕದಿಂದ ಹೊರಗಿಡಲು ಒಪ್ಪಿದರು.