ಅಳಿಸಿದರೂ ಉಳಿದ ಮಾತು

ಕಾರವಾರದಲ್ಲಿ ಮೂರು ದಿನದಿಂದ ಬಿಡದ ಮಳೆ. ಮನೆಯಲ್ಲೇ ಕೂತು ನನ್ನ ಹಳೇ ಪ್ರಾಜೆಕ್ಟ್ ತೆರೆದೆ. ಡೇಟಿಂಗ್ ಆ್ಯಪ್‌ನಲ್ಲಿ ಮ್ಯಾಚ್ ಆದವರ ಜೊತೆಗಿನ ಚಾಟನ್ನೆಲ್ಲ ಒಂದು SQLite ಡೇಟಾಬೇಸ್ ಫೈಲಿಗೆ ಹಾಕಿ, ಮಾತು ಎಲ್ಲಿ ನಿಂತುಹೋಗುತ್ತದೆ ಅಂತ ನೋಡಲು ಮಾಡಿಕೊಂಡಿದ್ದು. ಹೆಸರಿನ ಬದಲು ನಂಬರ್ ಇಟ್ಟಿದ್ದೆ. ಅಷ್ಟು ಸಾಕು ಅಂದುಕೊಂಡಿದ್ದೆ.

ಶಿರಸಿಯ ಒಬ್ಬರಿಗೆ ಈ ವಿಷಯ ಹೇಳಿದಾಗ ಅವರು ಬರೆದರು: "ನಾನು ಬರೆದಿದ್ದು ನಿಮಗೆ, ನಿಮ್ಮ ಲ್ಯಾಪ್‌ಟಾಪಿಗಲ್ಲ. ತೆಗೆದುಬಿಡಿ." ಮೊದಲೇ ಕೇಳಬೇಕಿತ್ತು ಅಲ್ವಾ? ಅವರ ಸಾಲುಗಳನ್ನು `DELETE` ಮಾಡಿದೆ. ಆಮೇಲೆ ಯಾಕೋ ಅನುಮಾನ ಬಂದು ಫೈಲಿನೊಳಗೇ ಅವರ ಒಂದು ಪದ ಹುಡುಕಿದೆ.

```
grep -a "ಸ್ಕ್ಯಾನಿಂಗ್" chats.db
```

ಅಮ್ಮನ ಸ್ಕ್ಯಾನಿಂಗ್‌ಗೆ ಯಾವ ದಿನ, ಯಾವ ಊರಿಗೆ ಹೋಗುತ್ತೇವೆ ಅಂತ ಅವರು ಬರೆದ ಸಾಲು ಹಾಗೇ ಇತ್ತು. ಗುರುತಿನವರು ಓದಿದರೆ ಹೆಸರೇ ಬೇಡ, ಯಾರೆಂದು ತಿಳಿಯುತ್ತದೆ.

SQLite ಸಾಮಾನ್ಯವಾಗಿ ಅಳಿಸಿದ ಜಾಗವನ್ನು "ಖಾಲಿ" ಅಂತ ಗುರುತು ಮಾಡುತ್ತದೆ, ಅಷ್ಟೇ. ಬೇರೆ ಏನಾದರೂ ಅದರ ಮೇಲೆ ಬರೆಯುವ ತನಕ ಹಳೆಯ ಅಕ್ಷರ ಅಲ್ಲೇ ಇರಬಹುದು. `VACUUM` ಕೊಟ್ಟ ಮೇಲೆ ಫೈಲ್ ಹೊಸದಾಗಿ ಕಟ್ಟಿಕೊಂಡಿತು, ಹುಡುಕಿದರೆ ಏನೂ ಸಿಗಲಿಲ್ಲ. ಆದರೆ ಕ್ಲೌಡ್ ಬ್ಯಾಕಪ್‌ನಲ್ಲಿ ಹಳೆಯ ಎರಡು ಪ್ರತಿಗಳಿದ್ದವು. ಅವನ್ನೂ ತೆಗೆದೆ.

ಈಗ ಎಲ್ಲರ ಮೆಸೇಜನ್ನೂ ಅಳಿಸಿದ್ದೇನೆ. ಉಳಿದಿರುವುದು ನನ್ನ ಮೆಸೇಜುಗಳ ಉದ್ದ ಮತ್ತು ನಾನು ಉತ್ತರಿಸಲು ತೆಗೆದುಕೊಂಡ ಸಮಯ. ಶಿರಸಿಯವರಿಗೆ ರಾತ್ರಿಯೇ ತಿಳಿಸಿದೆ, ಬ್ಯಾಕಪ್‌ನ ವಿಷಯವನ್ನೂ ಮುಚ್ಚಿಡಲಿಲ್ಲ.